ಹಂಪ್ ದಾಟಿದ ಮೇಲೆ

ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಕನ್ನಡಿ’ ಎಂದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸಿಟಿ ಬಸ್ಸಿನ ಡ್ರೈವರ್. ನಲವತ್ತು ದಾಟಿದ, ಗಟ್ಟಿ ಕುತ್ತಿಗೆಯ, ಮೀಸೆಯ ತುದಿ ಮಾತ್ರ ನರೆತ ಆಸಾಮಿ. ಬೇರೆ ಡ್ರೈವರುಗಳು ಬಸ್ಸು ಹೊರಡಿಸುವಾಗ, ತಿರುಗಿಸುವಾಗ ಕನ್ನಡಿ ನೋಡಿದರೆ ಇವನು ಕಣ್ಣು ಮಿಟುಕಿಸಿದಾಗಲೆಲ್ಲ ನೋಡುತ್ತಿದ್ದ.

‘‘ಹೊಸ ಮದುಮಗನೂ ಇಷ್ಟು ಕನ್ನಡಿ ನೋಡ್ಕೊಳ್ಳಲ್ಲಪ್ಪ’’ ಎಂದು ಅವನ ಕಂಡಕ್ಟರ್ ನಗುತ್ತಿದ್ದ. ಆ ಕಂಡಕ್ಟರಿಗೂ ಡಿಪೋದವರು ಒಂದು ಹೆಸರು ಇಟ್ಟಿದ್ದರು, ‘ರೈಟಣ್ಣ’. ಬಸ್ಸಿನಲ್ಲಿ ‘ರೈಟ್ ರೈಟ್’ ಅಂದೂ ಅಂದೂ ಅಭ್ಯಾಸವಾಗಿ, ಮನೆಯಲ್ಲಿ ಊಟ ಮುಗಿಸಿ ಏಳುವಾಗಲೂ ಹಾಗೇ ಅನ್ನುತ್ತಾನೆ ಎಂದು ಅವನ ಹೆಂಡತಿಯೇ ಹೇಳಿದ್ದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಹತ್ತಾರು ವರ್ಷ ದುಡಿದವರು. ಒಬ್ಬ ಕೆಮ್ಮಿದರೆ ಇನ್ನೊಬ್ಬನಿಗೆ ಅರ್ಥವಾಗುತ್ತಿತ್ತು.

ಡ್ರೈವರ್ ಒಳ್ಳೆಯ ಕೆಲಸಗಾರ. ಬೆಳಿಗ್ಗೆ ಬಸ್ಸಿನ ಸುತ್ತ ಒಂದು ಸುತ್ತು ಬರುತ್ತಿದ್ದ. ಟೈರಿಗೆ ಕಾಲಿನಿಂದ ತಟ್ಟಿ ಸದ್ದು ಕೇಳುತ್ತಿದ್ದ, ಬ್ರೇಕ್ ಒತ್ತಿ ನೋಡುತ್ತಿದ್ದ, ಸೀಟಿನ ಮೇಲೆ ಟವೆಲ್ ಹಾಸಿ ಕೂರುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ನಾಯಿಮರಿಗೂ ಅವನ ಬಸ್ಸು ತಾಗಿರಲಿಲ್ಲ. ಹಾಗಿದ್ದವನ ತಲೆಯೊಳಗೆ ಒಂದು ಮಧ್ಯಾಹ್ನ ಹುಳ ಹೊಕ್ಕಿತು.

ತರಕಾರಿ ಮಾರ್ಕೆಟ್ಟಿನ ಮುಂದಿನ ಹಂಪ್ ಮೇಲೆ ಬಸ್ಸು ಹತ್ತಿ ಇಳಿಯಿತು. ದಿನಾ ಇಳಿಯುವ ಹಾಗೇ, ಹಿಂದಿನ ಚಕ್ರ ‘ದಡ್’ ಎಂದಿತು. ಆ ಸದ್ದಿನ ಬೆನ್ನಿಗೇ ಒಂದು ಯೋಚನೆ: ‘ಅದು ಹಂಪೇನಾ? ಯಾರಾದ್ರೂ ಚಕ್ರಕ್ಕೆ ಸಿಕ್ಕಿಬಿದ್ರಾ?’ ಕನ್ನಡಿಯಲ್ಲಿ ನೋಡಿದ. ರಸ್ತೆ ಖಾಲಿ. ಒಬ್ಬಳು ಬುಟ್ಟಿ ಹೊತ್ತು ಆರಾಮಾಗಿ ದಾಟುತ್ತಿದ್ದಳು. ಸರಿ ಎಂದುಕೊಂಡ. ಮುಂದಿನ ಸ್ಟಾಪಿನಲ್ಲಿ ಮತ್ತೆ ಬಂತು: ‘ಕನ್ನಡಿಯಲ್ಲಿ ಕಾಣದ ಕಡೆ ಬಿದ್ದಿದ್ರೆ?’

ಅಂದು ಸಂಜೆ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಹಂಪ್ ನೋಡಿಕೊಂಡು ಬಂದ. ರಕ್ತದ ಕಲೆ ಇಲ್ಲ, ಜನ ಗುಂಪುಗೂಡಿಲ್ಲ. ಎದೆ ಹಗುರಾಯಿತು. ಆ ಹಗುರವೇ ಅವನಿಗೆ ಮುಳುವಾಯಿತು. ಒಮ್ಮೆ ನೋಡಿ ಬಂದರೆ ಸಮಾಧಾನ ಸಿಗುತ್ತದೆ ಎಂಬ ರುಚಿ ಹತ್ತಿದ ಮೇಲೆ ಮನಸ್ಸು ಸುಮ್ಮನಿರುತ್ತದೆಯೇ? ಮರುದಿನ ಆ ಹಂಪ್ ಜೊತೆಗೆ ಆಸ್ಪತ್ರೆ ತಿರುವಿನ ಗುಂಡಿ ಸೇರಿತು, ಅದರ ಮರುವಾರ ಸೇತುವೆಯ ಜೋಡಣೆ ಸೇರಿತು. ಕೆಲವು ತಿಂಗಳಲ್ಲಿ ಡ್ಯೂಟಿ ಮುಗಿದ ಮೇಲೆ ಇಡೀ ರೂಟನ್ನೇ ಸ್ಕೂಟರಿನಲ್ಲಿ ಮತ್ತೊಂದು ಸಲ ಸುತ್ತುವ ಹಾಗಾಯಿತು. ಅಂಗಡಿಯವರು ಇವನನ್ನು ರಸ್ತೆ ರಿಪೇರಿಯ ಇಲಾಖೆಯವನೆಂದೇ ತಿಳಿದರು. ಒಬ್ಬ ಚಪ್ಪಲಿ ಅಂಗಡಿಯವನಂತೂ ಕೈ ಮುಗಿದು, ‘‘ಸಾರ್, ನಮ್ಮ ಮುಂದಿನ ಗುಂಡೀನೂ ಬರ್ಕೊಳ್ಳಿ’’ ಎಂದ.

ಒಬ್ಬನೇ ನೋಡಿದರೆ ನಂಬಿಕೆ ಸಾಲದಾಯಿತು. ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡ. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಗಿರಾಕಿಯ ಹುಬ್ಬು ಅರ್ಧ ತೀಡಿದ್ದಾಗಲೇ ಗಂಡ ಬಾಗಿಲಲ್ಲಿ ಬಂದು ನಿಂತು, ‘‘ಒಂದು ನಿಮಿಷ ಬರ್ತೀಯಾ?’’ ಅನ್ನುತ್ತಿದ್ದ. ಮೊದಮೊದಲು ಪಾಪ ಅನ್ನಿಸಿ ಹೋದಳು.

‘‘ಅಲ್ಲಿ ಏನಾದ್ರೂ ಇದೆಯಾ?’’

‘‘ಏನೂ ಇಲ್ಲ ರೀ.’’

‘‘ಸರಿಯಾಗಿ ನೋಡಿದ್ಯಾ? ಚರಂಡಿ ಕಡೆ?’’

‘‘ಚರಂಡೀಲಿ ಚರಂಡಿ ನೀರಿದೆ. ನಡೀರಿ ಮನೆಗೆ.’’

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಆ ಸಮಾಧಾನ ಕರಗಿ ಹೋಗಿರುತ್ತಿತ್ತು. ‘‘ನಿಜ ಹೇಳು, ಏನೂ ಇರ್ಲಿಲ್ಲ ತಾನೇ?’’ ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದ, ಎದ್ದಾಗಲೂ ಕೇಳುತ್ತಿದ್ದ. ಬೆಳಿಗ್ಗೆ ಪೇಪರ್ ಬಂದರೆ ಅಪಘಾತದ ಸುದ್ದಿ ಮೊದಲು. ಅದೂ ಸಾಲದೆ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡತೊಡಗಿದ. ಫೋನ್ ಎತ್ತುತ್ತಿದ್ದ ಪೇದೆಗೆ ದನಿ ಎಷ್ಟು ಪರಿಚಯವಾಯಿತೆಂದರೆ ಇವನು ‘ಹಲೋ’ ಅಂದ ಕೂಡಲೇ, ‘‘ಇವತ್ತೂ ನಮ್ಮ ಕಡೆ ಯಾರೂ ಬಸ್ಸಿಗೆ ಸಿಕ್ಕಿಲ್ಲ ಯಜಮಾನ್ರೇ, ಹೋಗಿ ಊಟ ಮಾಡಿ’’ ಎಂದು ಇಟ್ಟುಬಿಡುತ್ತಿದ್ದ.

ಹೊರಗಿನವರಿಗೆ ಇದು ನಗು ತರುವ ವಿಷಯ. ಒಳಗೆ ಅವನು ಅನುಭವಿಸುತ್ತಿದ್ದುದು ಅವನಿಗೇ ಗೊತ್ತು. ‘ಯಾರನ್ನೋ ಕೊಂದು ಹಾಕಿ ಗೊತ್ತಿಲ್ಲದ ಹಾಗೆ ಸಂಬಳ ತಗೊಳ್ತಿದ್ದೀನಾ?’ ಎಂಬ ಪ್ರಶ್ನೆ ಹಲ್ಲಿನ ಸಂದಿಯ ನಾರಿನ ಹಾಗೆ ನಾಲಗೆಗೆ ತಾಗುತ್ತಲೇ ಇತ್ತು. ಇದೆಲ್ಲ ಅರ್ಥವಿಲ್ಲದ್ದು ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ಕಾಲು ಕೇಳುತ್ತಿರಲಿಲ್ಲ, ಸ್ಕೂಟರ್ ಕಡೆಗೇ ಎಳೆಯುತ್ತಿತ್ತು.

ಒಂದು ಬೆಳಿಗ್ಗೆ ಗುಟ್ಟು ಬಯಲಾಯಿತು. ಬಸ್ಸು ತುಂಬಾ ಆಫೀಸಿಗೆ ಹೋಗುವವರು. ಸೇತುವೆ ದಾಟುತ್ತಿದ್ದಂತೆ ಅವನು ಬಸ್ಸನ್ನು ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಬಗ್ಗಿ ಬಸ್ಸಿನ ಅಡಿ ನೋಡಿದ. ಹತ್ತಿ ಕೂತ. ಮತ್ತೆ ಇಳಿದ. ಮೂರನೆಯ ಸಲ ಇಳಿದಾಗ ಜನ ಕೂಗಾಡತೊಡಗಿದರು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಕಿಟಕಿಯಿಂದ ತಲೆ ಹಾಕಿ, ‘‘ಏನಪ್ಪಾ, ಬಸ್ಸು ಮೊಟ್ಟೆ ಇಟ್ಟಿದೆಯಾ?’’ ಎಂದಳು. ಎಲ್ಲರೂ ಗೊಳ್ಳೆಂದರು. ರೈಟಣ್ಣ ಮಾತ್ರ ನಗಲಿಲ್ಲ. ಇಳಿದು ಹೋಗಿ ಗೆಳೆಯನ ತೋಳು ಹಿಡಿದು ಸೀಟಿಗೆ ಹತ್ತಿಸಿದ.

ಅವತ್ತೇ ಮಧ್ಯಾಹ್ನ ಡಿಪೋ ಮ್ಯಾನೇಜರ್ ಕರೆಸಿದ. ರೈಟಣ್ಣ ಜೊತೆಗೇ ಹೋದ. ಮ್ಯಾನೇಜರ್ ಗದರಿಸುತ್ತಾನೆ ಎಂದುಕೊಂಡಿದ್ದರೆ ಅವನು ಕುರ್ಚಿ ತೋರಿಸಿ, ‘‘ನಮ್ಮ ಚಿಕ್ಕಪ್ಪನಿಗೆ ಗ್ಯಾಸ್ ಸಿಲಿಂಡರಿನ ಹುಚ್ಚಿತ್ತು. ಊರಿಗೆ ಹೊರಟವನು ಆಫ್ ಮಾಡಿದ್ನಾ ಅಂತ ನೋಡೋಕೆ ಅರ್ಧ ದಾರಿಯಿಂದ ವಾಪಸ್ ಬರ್ತಿದ್ದ. ನೀವು ದೊಡ್ಡಾಸ್ಪತ್ರೆಯ ಮನೋವೈದ್ಯರನ್ನ ನೋಡ್ಕೊಂಡು ಬನ್ನಿ. ಅಲ್ಲೀವರೆಗೆ ಸ್ಟೀರಿಂಗ್ ಬೇಡ, ಯಾರ್ಡಲ್ಲಿ ಕೆಲಸ ನೋಡ್ಕೊಳ್ಳಿ’’ ಎಂದ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ, ‘‘ನಾಳೆ ಪಾರ್ಲರ್ ರಜಾ. ಬೇಡ ಅಂದ್ರೆ ನಾನು ಹೊತ್ಕೊಂಡಾದ್ರೂ ಹೋಗ್ತೀನಿ’’ ಎಂದಳು. ಅವಳ ಮೈಕಟ್ಟು ನೋಡಿದವರಿಗೆ ಆ ಮಾತು ಬರೀ ಬಾಯಿಮಾತು ಅನ್ನಿಸುತ್ತಿರಲಿಲ್ಲ.

ಮನೋವೈದ್ಯೆ ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವವಳು. ಅದನ್ನು ಕಂಡೇ ಡ್ರೈವರಿಗೆ ಅರ್ಧ ಭಯ ಇಳಿಯಿತು. ಅವನು ಎಲ್ಲ ಹೇಳಿದ, ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟ. ಕೊನೆಗೆ, ‘‘ಡಾಕ್ಟ್ರೇ, ನಂಗೆ ಜನರನ್ನ ಕೊಲ್ಲೋ ಆಸೆ ಒಳಗಡೆ ಇದ್ಯಾ? ಇಲ್ದಿದ್ರೆ ಇಂಥ ಯೋಚನೆ ಯಾಕೆ ಬರತ್ತೆ?’’ ಎಂದ.

‘‘ಇಂಥ ಯೋಚನೆ ಎಲ್ಲರಿಗೂ ಬರತ್ತೆ’’ ಎಂದಳು ಅವಳು. ‘‘ನಾನು ಮಹಡಿ ಮೇಲೆ ನಿಂತಾಗ ‘ಹಾರಿಬಿಟ್ರೆ?’ ಅಂತ ಬರತ್ತೆ. ಹೋಗತ್ತೆ. ನಿಮ್ಮಲ್ಲಿ ಬಂದದ್ದು ಹೋಗದೆ ಕೂತಿದೆ. ನಿಮಗೆ ಯಾವುದು ತುಂಬಾ ಮುಖ್ಯವೋ ಅದನ್ನೇ ಹಿಡ್ಕೊಂಡು ಹೆದರಿಸತ್ತೆ. ಯಾರಿಗೂ ನೋವಾಗಬಾರದು ಅನ್ನೋದು ನಿಮ್ಮ ಜೀವ. ಅದಕ್ಕೇ ಅದು ಅಲ್ಲೇ ಚುಚ್ಚತ್ತೆ. ಇದಕ್ಕೆ ಗೀಳು ಕಾಯಿಲೆ ಅಂತೀವಿ, ಓಸಿಡಿ.’’

‘‘ಅಂದ್ರೆ ಹುಚ್ಚಲ್ಲ?’’

‘‘ಅಲ್ಲ. ವಾಸಿ ಮಾಡೋಕೆ ದಾರಿ ಇರೋ ಕಾಯಿಲೆ.’’

ಹೆಂಡತಿ ಬಾಯಿ ಹಾಕಿದಳು. ‘‘ಡಾಕ್ಟ್ರೇ, ಇವರಿಗೆ ಎಲ್ಲದರಲ್ಲೂ ಹೀಗೇನೇ. ಬೆಳಿಗ್ಗೆ ಎದ್ದು ಟೈರ್ ಒದೀದೆ ಬಸ್ಸು ಹತ್ತಲ್ಲ. ಅದನ್ನೂ ಬಿಡಿಸ್ಬೇಕಾ?’’

ವೈದ್ಯೆ ಡ್ರೈವರ್ ಕಡೆ ತಿರುಗಿದಳು. ‘‘ಒಂದಿನ ಟೈರ್ ನೋಡೋದು ಮರೆತುಹೋಯ್ತು ಅಂದ್ಕೊಳ್ಳಿ. ಏನ್ಮಾಡ್ತೀರಿ?’’

‘‘ಮುಂದಿನ ಸ್ಟ್ಯಾಂಡಲ್ಲಿ ನೋಡ್ತೀನಿ. ಅಷ್ಟೇ.’’

‘‘ನೋಡಿ ಆದ್ಮೇಲೆ?’’

‘‘ಆದ್ಮೇಲೇನು, ಆಯ್ತಲ್ಲ. ಹತ್ತಿ ಕೂತ್ಕೋತೀನಿ.’’

‘‘ಮಾರ್ಕೆಟ್ ಹಂಪ್ ನೋಡೋಕೆ ಒಂದಿನ ಹೋಗದೇ ಇದ್ರೆ?’’

ಅವನ ಮುಖ ಬಿಳಿಚಿತು. ‘‘ಆಗಲ್ಲ ಡಾಕ್ಟ್ರೇ. ಎದೆ ಒಡೆದೇ ಹೋಗತ್ತೆ.’’

‘‘ಹೋಗಿ ನೋಡಿ ಬಂದ್ರೆ ಆಯ್ತಾ?’’

‘‘ಎಲ್ಲಿ ಆಗತ್ತೆ? ಮನೆ ಮುಟ್ಟೋದ್ರೊಳಗೆ ಮತ್ತೆ ಶುರು.’’

‘‘ನೋಡಿ, ಎರಡಕ್ಕೂ ವ್ಯತ್ಯಾಸ ನೀವೇ ಹೇಳಿದ್ರಿ’’ ಎಂದಳು ವೈದ್ಯೆ. ‘‘ಟೈರ್ ಒದೆಯೋದು ಅಭ್ಯಾಸ. ಅದಕ್ಕೊಂದು ಕೆಲಸ ಇದೆ, ಆ ಕೆಲಸ ಮುಗಿಯತ್ತೆ. ಬಿಟ್ಟುಹೋದ್ರೆ ಸ್ವಲ್ಪ ಇರುಸುಮುರುಸು, ಅಷ್ಟೇ. ಹಂಪ್ ನೋಡೋದು ಭಯ ತಳ್ಳೋಕೆ ಮಾಡೋದು. ಅದು ಮುಗಿಯೋದೇ ಇಲ್ಲ, ದಿನದಿಂದ ದಿನಕ್ಕೆ ಜಾಸ್ತಿ ಕೇಳತ್ತೆ. ಎರಡೂ ಹೊರಗಿಂದ ನೋಡೋಕೆ ‘ಚೆಕ್ ಮಾಡೋದೇ’. ಟೈರ್ ಒದೀಲಿ ಬಿಡಿ ಅಮ್ಮಾ.’’

ಮಾತ್ರೆ ಬರೆದುಕೊಟ್ಟಳು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಕೆಲಸಕ್ಕೆ ನೆರವಾಗುವ ಮಾತ್ರೆ. ಚಿಕ್ಕ ಪ್ರಮಾಣದಿಂದ ಶುರುಮಾಡಿ ನಿಧಾನಕ್ಕೆ ಏರಿಸಬೇಕು, ಗೀಳಿಗೆ ಸಾಮಾನ್ಯವಾಗಿ ಪ್ರಮಾಣ ಸ್ವಲ್ಪ ಹೆಚ್ಚೇ ಬೇಕಾಗುತ್ತದೆ. ಮೊದಮೊದಲು ವಾಕರಿಕೆ ಬರಬಹುದು, ನಿದ್ದೆ ಏರುಪೇರಾಗಬಹುದು. ಚಟ ಹತ್ತಿಸುವ ಮಾತ್ರೆ ಅಲ್ಲ. ಹಾಗೆಂದು ತನ್ನಷ್ಟಕ್ಕೆ ತಾನೇ ನಿಲ್ಲಿಸಬಾರದು.

‘‘ನಾಳೆ ನಾಡಿದ್ದೇ ಗುಣ ಕಾಣತ್ತೆ ಅಂದ್ಕೋಬೇಡಿ’’ ಎಂದಳು. ‘‘ಕೆಲವು ವಾರ ಏನೂ ಗೊತ್ತಾಗಲ್ಲ, ಪೂರ್ತಿ ಗೊತ್ತಾಗೋಕೆ ಎರಡು ಮೂರು ತಿಂಗಳು. ಇದು ಯೋಚನೇನ ಅಳಿಸಿಹಾಕಲ್ಲ, ಅದರ ಗದ್ದಲ ಇಳಿಸತ್ತೆ. ಉಳಿದದ್ದನ್ನ ಪಕ್ಕದ ಕೋಣೆಯ ಸಾರ್ ನೋಡ್ಕೋತಾರೆ. ಅವರು ಔಷಧಿ ಕೊಡಲ್ಲ, ಕೆಲಸ ಕೊಡ್ತಾರೆ.’’

ಪಕ್ಕದ ಕೋಣೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಕುರ್ಚಿ ತುಂಬಿ ಎರಡೂ ಕಡೆ ಚೆಲ್ಲಿದ ಮನುಷ್ಯ. ನಕ್ಕರೆ ಮೇಜಿನ ಮೇಲಿನ ಲೋಟ ಅಲುಗುತ್ತಿತ್ತು. ಅವನು ಮೊದಲ ದಿನವೇ ಕೇಳಿದ್ದು, ‘‘ನಿಮ್ಮ ಭಯಾನ ಸ್ಪೀಡೋಮೀಟರ್ ಲೆಕ್ಕದಲ್ಲಿ ಹೇಳಿ. ನೂರು ಅಂದ್ರೆ ಇಂಜಿನ್ ಸಿಡಿಯೋ ಹಾಗೆ. ಯಾವುದಕ್ಕೆ ಎಷ್ಟು?’’

ಡ್ರೈವರಿಗೆ ಈ ಭಾಷೆ ಸಲೀಸು. ಪೇಪರಿನ ಅಪಘಾತದ ಸುದ್ದಿ ಓದದೇ ಬಿಡುವುದಕ್ಕೆ ಮೂವತ್ತು. ಸ್ಟೇಷನ್ನಿಗೆ ಫೋನ್ ಮಾಡದಿರುವುದಕ್ಕೆ ಐವತ್ತು. ಸ್ಕೂಟರಿನಲ್ಲಿ ಹಂಪ್ ದಾಟಿ ಹಿಂತಿರುಗಿ ನೋಡದಿರುವುದಕ್ಕೆ ಎಪ್ಪತ್ತು. ಬಸ್ಸಿನಲ್ಲಿ ಮಾರ್ಕೆಟ್ ಹಂಪ್ ದಾಟಿ, ಇಳಿಯದೆ, ಯಾರನ್ನೂ ಕೇಳದೆ ಮನೆಗೆ ಹೋಗಿ ಉಣ್ಣುವುದಕ್ಕೆ? ‘‘ಮೀಟರೇ ಕಿತ್ತುಹೋಗತ್ತೆ ಸಾರ್.’’

‘‘ಸರಿ. ಮೂವತ್ತರಿಂದ ಶುರುಮಾಡೋಣ. ಭಯ ಬರೋ ಕಡೆಗೆ ನಾವೇ ಹೋಗೋದು. ಹೋಗಿ, ಸಮಾಧಾನಕ್ಕೆ ಅಂತ ನೀವು ಏನೇನು ಮಾಡ್ತೀರೋ ಅದನ್ನ ಮಾಡದೆ ಕೂರೋದು.’’

‘‘ಆಮೇಲೆ?’’

‘‘ಆಮೇಲೆ ಏನೂ ಇಲ್ಲ. ಕೂತಿರೋದು. ಭಯ ಏರತ್ತೆ, ನಿಲ್ಲತ್ತೆ, ತನ್ನಷ್ಟಕ್ಕೇ ಇಳಿಯತ್ತೆ. ಇಳೀದಿದ್ರೂ ನೀವು ಅದನ್ನ ಹೊತ್ಕೊಂಡೇ ಟೀ ಕುಡೀಬಹುದು ಅನ್ನೋದು ಗೊತ್ತಾಗತ್ತೆ.’’

‘‘ಯಾರೂ ಸತ್ತಿಲ್ಲ ಅಂತ ನೀವು ಬರ್ದು ಕೊಡ್ತೀರಾ?’’

ಮನಶ್ಶಾಸ್ತ್ರಜ್ಞ ಹೊಟ್ಟೆ ಕುಲುಕಿಸಿ ನಕ್ಕ. ‘‘ಅದೇ ಕೊಡಲ್ಲ! ಕೊಟ್ರೆ ನಾನೂ ನಿಮ್ಮ ಪೊಲೀಸಪ್ಪನ ತಮ್ಮ ಆಗ್ತೀನಿ. ಮನಸ್ಸು ‘ಯಾರಾದ್ರೂ ಸಿಕ್ಕಿದ್ರಾ’ ಅಂದ್ರೆ ನಿಮ್ಮ ಉತ್ತರ ಒಂದೇ: ‘ಇದ್ರೂ ಇರಬಹುದು, ಇಲ್ಲದೇ ಇದ್ರೂ ಇರಬಹುದು.’ ಅಲ್ಲಿಗೆ ಮಾತು ಬಿಡಿ.’’

ಮೊದಲ ವಾರಗಳು ಕಷ್ಟವಾಗಿದ್ದವು. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು, ಬೆಳಿಗ್ಗೆ ಬಿಸಿ ಟೀ ಸಹ ಒಳಗೆ ಇಳಿಯುತ್ತಿರಲಿಲ್ಲ. ಯಾರ್ಡಿನಲ್ಲಿ ಬಸ್ಸು ತೊಳೆಯುವವರ ಉಸ್ತುವಾರಿ ಅವನಿಗೆ ಬಂದಿತ್ತು. ಬಸ್ಸಿನ ಅಡಿಗೆಲ್ಲ ಪೈಪಿನ ನೀರು ಹಾಯಿಸುವಾಗ ಅವನ ಕಣ್ಣು ಚಕ್ರದ ಸಂದಿಗೇ ಹೋಗುತ್ತಿತ್ತು. ಹೋದ ಕಣ್ಣನ್ನು ಎಳೆದು ತರುತ್ತಿದ್ದ.

ಮನೆಯಲ್ಲಿ ಹೆಂಡತಿಗೂ ಪಾಠವಾಗಿತ್ತು. ಅವಳು ‘ಏನೂ ಇಲ್ಲ ರೀ’ ಎಂದು ಹೇಳಿ ಹೇಳಿಯೇ ಗೀಳಿಗೆ ಅನ್ನ ಹಾಕಿದ್ದಾಳೆ ಎಂದು ಮನಶ್ಶಾಸ್ತ್ರಜ್ಞ ನಯವಾಗಿ ತಿಳಿಸಿದ್ದ. ಮೊದಲು ಅವಳಿಗೆ ಕೋಪ ಬಂತು, ‘‘ಗಂಡ ಅಳ್ತಾ ಕೂತ್ರೆ ಸುಮ್ನೆ ಇರೋದಾ?’’ ಎಂದಳು. ಆಮೇಲೆ ತನ್ನದೇ ದಾರಿ ಕಂಡುಕೊಂಡಳು. ಅವನು ‘‘ನಿಜ ಹೇಳು, ಅವತ್ತು ಆ ತಿರುವಲ್ಲಿ…’’ ಎಂದು ಬಾಯಿ ತೆರೆದರೆ, ‘‘ಅದು ನಿಮ್ಮ ಪ್ರಶ್ನೆ ಅಲ್ಲ, ಗೀಳಿನ ಪ್ರಶ್ನೆ. ಗೀಳಿಗೆ ಉತ್ತರ ಇಲ್ಲ, ನಿಮಗೆ ಟೀ ಇದೆ’’ ಎಂದು ಲೋಟ ಕೈಗಿಡುತ್ತಿದ್ದಳು. ಆ ತಿಂಗಳು ಮನೆಯಲ್ಲಿ ಟೀಪುಡಿ ಖರ್ಚಾದಷ್ಟು ಯಾವತ್ತೂ ಆಗಿರಲಿಲ್ಲ.

ಸ್ಟೇಷನ್ನಿಗೆ ಫೋನ್ ಮಾಡುವುದನ್ನೂ ನಿಲ್ಲಿಸಿದ. ಒಂದು ವಾರ ಕಳೆಯಿತು. ಒಂದು ಸಂಜೆ ಫೋನ್ ಗಣಗಣಿಸಿತು. ಆ ಕಡೆಯಿಂದ ಪೇದೆಯ ದನಿ: ‘‘ಏನ್ ಯಜಮಾನ್ರೇ, ಫೋನೇ ಇಲ್ಲ? ಹುಷಾರಾಗಿದ್ದೀರಾ? ಅಂದ ಹಾಗೆ ಈ ವಾರ ನಮ್ಮ ಕಡೆ…’’

‘‘ಹೇಳ್ಬೇಡಿ! ದಮ್ಮಯ್ಯ, ಏನೂ ಹೇಳ್ಬೇಡಿ!’’ ಎಂದು ಡ್ರೈವರ್ ಕಿರುಚಿ ಫೋನ್ ಇಟ್ಟ. ಇಟ್ಟ ಮೇಲೆ ಬೆವರಿದ. ‘ಅವರು ಹೇಳಹೊರಟಿದ್ದು ಏನು? ನಾನು ಬಸ್ಸು ಓಡಿಸ್ತಿದ್ದಾಗ ಯಾರೋ ಸಿಕ್ಕಿದ್ರು ಅಂತಲಾ?’ ಭಯ ಸರ್ರನೆ ಎಂಬತ್ತಕ್ಕೆ ಏರಿತು. ಫೋನಿನ ಪಕ್ಕ ಕೂತು ಬೆರಳು ಮಡಚಿ ಹಿಡಿದುಕೊಂಡ. ಹೆಂಡತಿ ಗಿರಾಕಿಯ ಕೂದಲು ತೊಳೆಯುತ್ತಾ ಬಾಗಿಲಿನಿಂದಲೇ ನೋಡುತ್ತಿದ್ದಳು. ಗಿರಾಕಿಯ ಕೂದಲು ಒಣಗಿತು, ಕತ್ತರಿಸಿದ್ದೂ ಆಯಿತು, ಅವಳು ಕನ್ನಡಿ ಮುಂದೆ ತಲೆ ಅಲ್ಲಾಡಿಸಿ ನೋಡಿಕೊಂಡು ಹೊರಟೂ ಹೋದಳು. ಆಗ ಅವನಿಗೆ ಹಸಿವಾಗಿತ್ತು. ಭಯದ ಮಧ್ಯೆ ಹಸಿವು ಎಲ್ಲಿಂದ ಬಂತು ಎಂದು ಅವನಿಗೇ ಆಶ್ಚರ್ಯ. ಮೀಟರ್ ನೋಡಿಕೊಂಡರೆ ಮೂವತ್ತರ ಹತ್ತಿರ. ಯಾರೂ ಸಮಾಧಾನ ಹೇಳಿರಲಿಲ್ಲ. ತಾನಾಗೇ ಇಳಿದಿತ್ತು.

ಮುಂದಿನ ಮೆಟ್ಟಿಲು ಸ್ಕೂಟರಿನದು. ‘‘ನಾನೂ ಬರ್ತೀನಿ’’ ಎಂದು ಮನಶ್ಶಾಸ್ತ್ರಜ್ಞ ಹಿಂದೆ ಹತ್ತಿ ಕೂತ. ಸ್ಕೂಟರ್ ನಿಟ್ಟುಸಿರು ಬಿಟ್ಟಿತು. ಹಿಂದಿನ ಟೈರ್ ಅಪ್ಪಚ್ಚಿಯಾಯಿತು. ಇಂಥ ಭಾರ ಹೊತ್ತು ಹಂಪ್ ದಾಟಿದರೆ ಆಗುವ ಸದ್ದು ಕೇಳಬೇಕೇ? ಮಾರ್ಕೆಟ್ ಮುಂದೆ ‘ದಡಬಡ್’ ಎಂದಿತು. ಡ್ರೈವರಿನ ಕತ್ತು ತಾನಾಗಿಯೇ ಹಿಂದಕ್ಕೆ ತಿರುಗಹೋಯಿತು.

‘‘ಮುಂದೆ ನೋಡಿ ಮುಂದೆ! ಮುಂದೆ ಎಮ್ಮೆ ಇದೆ!’’ ಎಂದ ಮನಶ್ಶಾಸ್ತ್ರಜ್ಞ.

ನಿಜವಾಗಿಯೂ ಎಮ್ಮೆ ಇತ್ತು. ಡ್ರೈವರ್ ಬ್ರೇಕ್ ಹಾಕಿ ಬಳಸಿಕೊಂಡು ಹೋದ. ಹಿಂದೆ ಇಲ್ಲದವರನ್ನು ನೋಡಹೋಗಿ ಮುಂದೆ ಇದ್ದ ಎಮ್ಮೆಗೆ ಗುದ್ದುತ್ತಿದ್ದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ಇದನ್ನು ಆಮೇಲೆ ರೈಟಣ್ಣನಿಗೆ ಹೇಳಿದಾಗ ಅವನು, ‘‘ಎಮ್ಮೆ ಕಲಿಸಿದ ಪಾಠ ಮರೀಬೇಡ’’ ಎಂದ.

ಹಂಪ್ ದಾಟಿ ಅರ್ಧ ಮೈಲಿ ಹೋಗಿ ಒಂದು ಮರದಡಿ ನಿಂತರು. ‘‘ಎಷ್ಟು?’’ ‘‘ಎಪ್ಪತ್ತೈದು.’’ ಕಡಲೆಕಾಯಿ ಕೊಂಡು ತಿಂದರು. ‘‘ಈಗ?’’ ‘‘ಎಪ್ಪತ್ತು.’’ ಮನಶ್ಶಾಸ್ತ್ರಜ್ಞ ತನ್ನ ಹೆಂಡತಿ ತನ್ನನ್ನು ಬಲವಂತವಾಗಿ ವಾಕಿಂಗಿಗೆ ಕಳಿಸುವ ಕಥೆ ಹೇಳತೊಡಗಿದ. ಡ್ರೈವರ್ ತಲೆದೂಗುತ್ತಾ ಕೇಳಿದ. ಸ್ವಲ್ಪ ಹೊತ್ತಿಗೇ, ‘‘ಈಗ ಇಪ್ಪತ್ತು ಸಾರ್’’ ಎಂದ, ಖುಷಿಯಾಗಿ.

ಮನಶ್ಶಾಸ್ತ್ರಜ್ಞ ಹುಬ್ಬೇರಿಸಿದ. ‘‘ಇಷ್ಟು ಬೇಗ? ನಾನು ಕಥೆ ಹೇಳ್ತಿದ್ದಾಗ ನೀವು ಎಲ್ಲಿದ್ರಿ?’’

ಸಿಕ್ಕಿಬಿದ್ದ ಕಳ್ಳನ ಹಾಗೆ ಡ್ರೈವರ್ ಮೀಸೆ ಕೆರೆದುಕೊಂಡ. ಮೈ ಹಿಂದಕ್ಕೆ ಹೋಗಿರಲಿಲ್ಲ, ನಿಜ. ಮನಸ್ಸಿನಲ್ಲೇ ಹಂಪಿನ ದೃಶ್ಯವನ್ನು ಸಿನಿಮಾ ರೀಲಿನ ಹಾಗೆ ತಿರುಗಿಸಿ ತಿರುಗಿಸಿ ನೋಡಿ, ‘ಯಾರೂ ಇರಲಿಲ್ಲ’ ಎಂದು ಖಾತ್ರಿ ಮಾಡಿಕೊಂಡಿದ್ದ.

‘‘ಅದೂ ಹಿಂತಿರುಗಿ ಹೋಗಿ ನೋಡಿದ ಹಾಗೇ. ಪೆಟ್ರೋಲ್ ಉಳೀತು, ಅಷ್ಟೇ. ಏಳಿ, ಮತ್ತೊಂದು ಸುತ್ತು’’ ಎಂದು ಮನಶ್ಶಾಸ್ತ್ರಜ್ಞ ಸಿಪ್ಪೆ ಕೊಡವಿ ಎದ್ದ.

ಅಂದು ಆ ಹಂಪನ್ನು ಅವರು ಎಷ್ಟು ಸಲ ದಾಟಿದರೋ! ಕಡಲೆಕಾಯಿ ಮಾರುವವನು ಕೊನೆಕೊನೆಗೆ ಇವರು ಬರುವುದನ್ನು ಕಂಡು ಪೊಟ್ಟಣ ಕಟ್ಟಿ ಇಡುತ್ತಿದ್ದ. ಮನಸ್ಸಿನ ರೀಲು ಓಡಲು ಹೊರಟಾಗಲೆಲ್ಲ ಡ್ರೈವರ್, ‘ಇದ್ರೂ ಇರಬಹುದು, ಇಲ್ಲದೇ ಇದ್ರೂ ಇರಬಹುದು’ ಎಂದು ಅದನ್ನು ಅರ್ಧಕ್ಕೇ ಬಿಟ್ಟ. ಸಂಜೆಯ ಹೊತ್ತಿಗೆ ಭಯ ಮೊದಲಷ್ಟು ಏರುತ್ತಿರಲಿಲ್ಲ. ಏರಿದರೂ ಅವನಿಗೆ ಅದರ ಜೊತೆ ಕೂರುವುದು ಬಂದಿತ್ತು.

ಹೀಗೆ ಎರಡು ತಿಂಗಳು ಕಳೆಯಿತು. ಹೊಟ್ಟೆ ತೊಳಸುವುದು ಎಂದೋ ನಿಂತಿತ್ತು. ಬೆಳಿಗ್ಗೆ ಎದ್ದಾಗ ತಲೆಯೊಳಗೆ ಮೊದಲಿನ ಜಾತ್ರೆ ಇಲ್ಲ. ಯೋಚನೆ ಬರುತ್ತಿತ್ತು, ಪಕ್ಕದ ಮನೆಯ ರೇಡಿಯೋ ಹಾಗೆ ಸಣ್ಣಗೆ. ‘ಇನ್ನೇನು ವಾಸಿಯಾಯ್ತಲ್ಲ, ಮಾತ್ರೆ ಯಾಕೆ?’ ಎಂದು ಹೆಂಡತಿಗೂ ಹೇಳದೆ ಬಿಟ್ಟುಬಿಟ್ಟ. ಕೆಲವೇ ದಿನಕ್ಕೆ ತಲೆಸುತ್ತು, ಕೈಗೆ ಇರುವೆ ಹರಿದಂತೆ ಜುಮುಜುಮು, ಎಲ್ಲರ ಮೇಲೂ ಸಿಡಿಮಿಡಿ. ಸಾಲದ್ದಕ್ಕೆ ಒಂದು ಸಂಜೆ ಸ್ಕೂಟರಿನ ಕೀ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಕೀ ಕಸಿದುಕೊಳ್ಳಲಿಲ್ಲ. ‘‘ಮಾತ್ರೆ ಡಬ್ಬಿ ತನ್ನಿ ಇಲ್ಲಿ’’ ಎಂದಳು. ತುಂಬಿದ ಡಬ್ಬಿ ನೋಡಿ ಅವಳಿಗೆ ಎಲ್ಲ ತಿಳಿಯಿತು. ಮರುದಿನ ಇಬ್ಬರೂ ವೈದ್ಯೆಯ ಮುಂದೆ ಕೂತಿದ್ದರು.

‘‘ಬಸ್ಸು ಏರು ಹತ್ತುತ್ತಿರುವಾಗ ಸಲೀಸಾಗಿದೆ ಅಂತ ಗೇರ್ ತೆಗೆದುಬಿಡ್ತೀರಾ?’’ ಎಂದಳು ವೈದ್ಯೆ.

ಅವನು ತಲೆ ತಗ್ಗಿಸಿದ. ‘‘ಇಲ್ಲ. ಅದ್ಸರಿ ಡಾಕ್ಟ್ರೇ, ನಂಗೆ ಗುಣ ಆಗ್ತಿರೋದು ಮಾತ್ರೆಯಿಂದಲೋ, ಆ ದಪ್ಪ ಸಾರಿಂದಲೋ?’’

‘‘ಎರಡರಿಂದಲೂ. ಕೆಲವರಿಗೆ ಅವರೊಬ್ಬರೇ ಸಾಕು, ಕೆಲವರಿಗೆ ಮಾತ್ರೆಯೂ ಬೇಕು. ನಿಮಗೆ ಭಯ ಎಷ್ಟಿತ್ತು ಅಂದ್ರೆ ಅವರು ಹೇಳಿದ್ದು ಕಿವಿಗೆ ಬೀಳೋಕೇ ಮಾತ್ರೆ ಬೇಕಿತ್ತು. ಚೆನ್ನಾಗಾದ ಮೇಲೂ ಒಂದು ವರ್ಷವಾದ್ರೂ ತಗೊಳ್ಳಿ. ಆಮೇಲೆ ಬಿಡೋದಾದ್ರೆ ನಾನೇ ಮೆಲ್ಲಗೆ ಇಳಿಸಿಕೊಡ್ತೀನಿ.’’ ಹೇಳುತ್ತಾ ಕನ್ನಡಕ ಹುಡುಕತೊಡಗಿದಳು. ಹೆಂಡತಿ ಅವಳ ತಲೆಯತ್ತ ಬೆರಳು ತೋರಿಸಿದಳು.

ಮತ್ತೆರಡು ತಿಂಗಳಿಗೆ ವೈದ್ಯೆ ಸ್ಟೀರಿಂಗ್ ಹಿಡಿಯಬಹುದೆಂದು ಬರೆದುಕೊಟ್ಟಳು. ಡಿಪೋದ ತರಬೇತುದಾರ ಖಾಲಿ ಬಸ್ಸಿನಲ್ಲಿ ಪಕ್ಕ ಕೂತು ಕೆಲವು ದಿನ ಓಡಿಸಿ ನೋಡಿದ. ಕನ್ನಡಿಯ ವಿಷಯದಲ್ಲಿ ಮನಶ್ಶಾಸ್ತ್ರಜ್ಞ ಹೇಳಿದ್ದು ಸ್ಪಷ್ಟವಾಗಿತ್ತು: ಹೊರಡುವಾಗ, ತಿರುಗುವಾಗ, ಲೇನ್ ಬದಲಿಸುವಾಗ, ಒಬ್ಬ ಒಳ್ಳೆಯ ಡ್ರೈವರ್ ಎಷ್ಟು ನೋಡಬೇಕೋ ಅಷ್ಟು, ಹಂಪ್ ದಾಟಿದ ಮೇಲೆ ಸಮಾಧಾನಕ್ಕೆಂದು ಒಂದು ಸಲವೂ ಇಲ್ಲ.

ಜನ ತುಂಬಿದ ಬಸ್ಸಿನೊಂದಿಗೆ ಮೊದಲ ಟ್ರಿಪ್. ರೈಟಣ್ಣ ಸೀಟಿಯೂದಿ, ‘‘ರೈಟ್ ಗುರುವೇ, ರೈಟ್!’’ ಎಂದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ. ಮಾರ್ಕೆಟ್ಟಿನ ಹಂಪ್ ಬಂತು. ದಡ್. ‘ಯಾರಾದ್ರೂ…’ ಎಂದು ಶುರುವಾಯಿತು. ‘ಇದ್ರೂ ಇರಬಹುದು’ ಎನ್ನುತ್ತಿದ್ದಾನೆ, ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು:

‘‘ಅಯ್ಯೋ ನಿಲ್ಸಿ! ನಿಲ್ಸೀ! ಬಿದ್ದೋಯ್ತು!’’

ಬಸ್ಸು ನಿಂತಿತು. ಅವನು ಎಷ್ಟು ನಯವಾಗಿ ಬ್ರೇಕ್ ಹಾಕಿದ್ದನೆಂದರೆ ನಿಂತಿದ್ದವರು ಒಬ್ಬರ ಮೇಲೊಬ್ಬರು ಬೀಳಲಿಲ್ಲ. ವರ್ಷವಿಡೀ ಕಾದಿದ್ದ ಕೂಗು ಅದು. ಆಶ್ಚರ್ಯವೆಂದರೆ ಅವನ ತಲೆ ತಣ್ಣಗಿತ್ತು. ಇಂಜಿನ್ ಆಫ್ ಮಾಡಿ, ಬ್ರೇಕ್ ಎಳೆದು ಇಳಿದು ಹಿಂದಕ್ಕೆ ನಡೆದ. ರಸ್ತೆಯ ತುಂಬ ಈರುಳ್ಳಿ ಉರುಳುತ್ತಿತ್ತು. ಮೆಟ್ಟಿಲಲ್ಲಿಟ್ಟಿದ್ದ ಚೀಲ ಹಂಪಿನ ಕುಲುಕಾಟಕ್ಕೆ ಜಾರಿ ಬಿದ್ದಿತ್ತು. ಹೆಂಗಸು ಎದೆ ಬಡಿದುಕೊಂಡು ಆರಿಸುತ್ತಿದ್ದಳು. ಡ್ರೈವರ್ ಬಗ್ಗಿ ತಾನೂ ಆರಿಸಿದ. ರೈಟಣ್ಣನೂ ಇಬ್ಬರು ಪ್ರಯಾಣಿಕರೂ ಕೈ ಹಾಕಿದರು. ಚಕ್ರದ ಪಕ್ಕ ಉರುಳಿದ್ದ ಒಂದನ್ನು ಎತ್ತಿಕೊಳ್ಳುವಾಗ ಒಳಗಿನಿಂದ ಸಣ್ಣ ದನಿ ಬಂತು: ‘ಬಗ್ಗಿದ್ದೇ ಬಗ್ಗಿದ್ದು, ಬಸ್ಸಿನ ಅಡೀನೂ ಸ್ವಲ್ಪ ನೋಡ್ಬಿಡಲ್ವಾ?’

ಅವನು ಈರುಳ್ಳಿಯನ್ನು ಚೀಲಕ್ಕೆ ಹಾಕಿ ನೆಟ್ಟಗೆ ನಿಂತ. ನಗು ಬಂತು. ಕೂಗು ಕೇಳಿದರೆ ನಿಲ್ಲಿಸಿ ಇಳಿಯುವುದು ಡ್ರೈವರಿನ ಕೆಲಸ, ಅದನ್ನು ಮಾಡಿಯಾಗಿತ್ತು. ಈ ಎರಡನೆಯ ಮಾತು ಯಾರದೆಂದು ಅವನಿಗೆ ದನಿಯಿಂದಲೇ ಗೊತ್ತಾಗಿತ್ತು.

‘‘ಏನ್ ನಗ್ತೀಯೋ?’’ ಎಂದ ರೈಟಣ್ಣ.

‘‘ಹಳೇ ಗಿರಾಕಿ ಬಂದಿದ್ದ. ಟಿಕೆಟ್ ಕೊಡ್ಲಿಲ್ಲ’’ ಎಂದು ಹೇಳಿ ಡ್ರೈವರ್ ಬಸ್ಸು ಹತ್ತಿದ. ಆ ದಿನ ಸಂಜೆ ಎದೆ ಸ್ವಲ್ಪ ಭಾರವಾಗೇ ಇತ್ತು. ಭಾರವಿದ್ದ ಹಾಗೇ ಮನೆಗೆ ಹೋಗಿ, ಕೈಕಾಲು ತೊಳೆದು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಏನನ್ನೂ ಕೇಳಲಿಲ್ಲ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಣ್ಣೊರೆಸಿಕೊಂಡಳು.

ಆಮೇಲೆ ಎಲ್ಲ ಹೂವಿನ ಹಾಸಿಗೆಯೇನೂ ಆಗಲಿಲ್ಲ. ನಿದ್ದೆಗೆಟ್ಟ ವಾರಗಳಲ್ಲಿ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಗೀಳು ತಲೆಯೆತ್ತುತ್ತಿತ್ತು. ಒಂದೆರಡು ಸಲ ಸೋತು ಹಂಪ್ ನೋಡಿ ಬಂದದ್ದೂ ಉಂಟು. ಹಾಗಾದಾಗ ಮರುದಿನವೇ ಅದೇ ಹಂಪನ್ನು ದಾಟಿ ನೋಡದೇ ಬರುತ್ತಿದ್ದ. ವರ್ಷ ಕಳೆದ ಮೇಲೆ ವೈದ್ಯೆ ಮಾತ್ರೆಯನ್ನು ಇಷ್ಟಿಷ್ಟೇ ಇಳಿಸತೊಡಗಿದಳು. ಅರ್ಧಕ್ಕೆ ಬಂದಾಗ ಯೋಚನೆಗಳ ಸದ್ದು ಸ್ವಲ್ಪ ಏರಿತು. ‘‘ಅರ್ಧದಲ್ಲೇ ಇರೋಣ, ಅವಸರ ಏನಿದೆ?’’ ಎಂದಳು. ಅವನೂ ಬಿ.ಪಿ. ಮಾತ್ರೆ ನುಂಗುವವರ ಹಾಗೆ ಆರಾಮಾಗಿ ನುಂಗುತ್ತಿದ್ದ.

ಆ ಬೇಸಿಗೆಯಲ್ಲಿ ಗಂಡ ಹೆಂಡತಿ ರಜೆ ಹಾಕಿ ಸಮುದ್ರ ನೋಡಲು ಹೊರಟರು. ಮದುವೆಯಾದ ಮೇಲೆ ಕೆಲಸವಿಲ್ಲದೆ ಎಲ್ಲಿಗಾದರೂ ಹೋಗಿದ್ದು ಅದೇ ಮೊದಲು. ದೂರದ ಬಸ್ಸು, ಬೇರೆ ಯಾರೋ ಡ್ರೈವರ್. ಘಾಟಿ ಇಳಿಯುವ ರಸ್ತೆಯ ತುಂಬ ಗುಂಡಿ. ಬಸ್ಸು ಒಂದೊಂದಕ್ಕೂ ಎತ್ತಿ ಹಾಕುತ್ತಿತ್ತು. ಹೆಂಡತಿ ಪ್ರತಿ ಗುಂಡಿಗೂ ಮುಂದಿನ ಸೀಟಿನ ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ ಬಾಯಿ ಅರ್ಧ ತೆರೆದು, ಅವಳ ಹೆಗಲಿಗೆ ತಲೆಯೊರಗಿಸಿ, ಇಡೀ ಬಸ್ಸಿಗೆ ಕೇಳುವ ಹಾಗೆ ಗೊರಕೆ ಹೊಡೆಯುತ್ತಿದ್ದ. ಸಮುದ್ರ ಕಾಣಿಸಿದಾಗ ಅವಳು ಅವನನ್ನು ಮೂರು ಸಲ ಅಲುಗಿಸಬೇಕಾಯಿತು.